ಮೂರು ವಾರಕ್ಕೆ ಇಪ್ಪತ್ತೇ ದಿನ

ನಮ್ಮ ಬಡಾವಣೆಯ ಶಟಲ್ ಕ್ಲಬ್ಬಿನ ಕಾರ್ಯದರ್ಶಿಯನ್ನು ತೆಗೆಯೋಕೆ ಕರೆದ ವಿಶೇಷ ಸರ್ವಸದಸ್ಯರ ಸಭೆಯ ನೋಟಿಸ್ ಬರೆದವನು ನಾನು. ಕಂಪ್ಯೂಟರ್ ಗೊತ್ತಿರೋನು ಅನ್ನೋ ಒಂದೇ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂತು. ಬೇಡ ಅನ್ನೋಕೆ ನನಗೆ ಬೇರೆಯದೇ ಕಾರಣ ಇತ್ತು. ಬೆಂಗಳೂರಿಗೆ ಬಂದ ಹೊಸದರಲ್ಲಿ ಕೋರ್ಟಿನ ಬಾಗಿಲಲ್ಲಿ ನಿಂತು ಆಟ ನೋಡ್ತಿದ್ದ ನನ್ನನ್ನ ಒಳಗೆ ಕರೆದು, ತಮ್ಮ ಹಳೇ ರ‍್ಯಾಕೆಟ್ ಕೊಟ್ಟವರು ಇದೇ ಕಾರ್ಯದರ್ಶಿ. ನಿವೃತ್ತ ಬ್ಯಾಂಕ್ ಅಧಿಕಾರಿ. ಎಲ್ಲರಿಗೂ ಅವರು ‘ಸರ್’.

ದೂರು ಇಷ್ಟೇ. ಸಂಜೆ ಹೊತ್ತು ಎರಡು ಕೋರ್ಟನ್ನ ಒಬ್ಬ ಕೋಚ್‌ಗೆ ಬಾಡಿಗೆಗೆ ಕೊಟ್ಟಿದ್ರು, ತಿಂಗಳಿಗೆ 15 ಸಾವಿರ. ಐದು ತಿಂಗಳ ಬಾಡಿಗೆ, ಅಂದ್ರೆ 75 ಸಾವಿರ, ಕ್ಲಬ್ಬಿನ ಖಾತೆಗೆ ಬಂದಿರಲಿಲ್ಲ. ಕೋಚ್ ಕೈಲಿ ರಸೀದಿಯೂ ಇರಲಿಲ್ಲ. ಮರದ ನೆಲದ ರಿಪೇರಿಗೆ ಖರ್ಚಾಯ್ತು ಅಂತ ಸರ್ ಹೇಳಿದ್ರು. ಅವರು ತೋರಿಸಿದ ಬಿಲ್ಲುಗಳು 48 ಸಾವಿರಕ್ಕೆ ನಿಂತವು. ಉಳಿದ 27 ಸಾವಿರಕ್ಕೆ ಚೀಟಿ ಇಲ್ಲ.

ಮೊದಲು ತಯಾರಾಗಿದ್ದು ವಾಟ್ಸಾಪಿನಲ್ಲಿ ಓಡಾಡಿದ ಒಂದು ಕರಡು. ಒಂದು ಸಾಲಿನಲ್ಲಿ ‘ಕ್ಲಬ್ಬಿನ ಹಣ ತಿಂದ ಕಾರ್ಯದರ್ಶಿ’ ಅಂತಿತ್ತು. ಕಾರ್ಯಸೂಚಿಯಲ್ಲಿ ಮಾತ್ರ ‘ಕಾರ್ಯದರ್ಶಿಯವರ ಕಾರ್ಯವೈಖರಿ ಕುರಿತು ಚರ್ಚೆ ಹಾಗೂ ಇತರೆ ವಿಷಯಗಳು’. ಬೈಬೇಕಾಗಿಲ್ಲದ ಕಡೆ ಬೈದು, ಹೇಳಲೇಬೇಕಾದ್ದನ್ನ ಮುಚ್ಚಿಟ್ಟ ಹಾಗಿತ್ತು.

ಊರಲ್ಲಿ ಪಂಚಾಯ್ತಿ ಸೇರೋದಾದ್ರೆ ತಳವಾರ ಬಂದು ‘ಸಂಜೆ ಕಟ್ಟೆ ಹತ್ರ ಬರಬೇಕಂತೆ’ ಅಂದ್ರೆ ಸಾಕು, ಯಾಕೆ ಅನ್ನೋದು ಇಡೀ ಊರಿಗೆ ಮೊದಲೇ ಗೊತ್ತಿರುತ್ತೆ. ಇಲ್ಲಿ ಹಾಗಲ್ಲ. ಮತ ಹಾಕೋ ಹಕ್ಕಿರೋ ಸದಸ್ಯರು 140 ಜನ. ಅರ್ಧದಷ್ಟು ಜನ ವಾರಕ್ಕೊಮ್ಮೆಯೂ ಕೋರ್ಟಿಗೆ ಬರಲ್ಲ. ಅವರ ಪಾಲಿಗೆ ಆ ಒಂದು ಹಾಳೆಯೇ ಎಲ್ಲ. ‘ಚರ್ಚೆ’ ಅಂತ ಓದಿದವನು ಮಾತಾಡಿಕೊಳ್ಳಲಿ ಬಿಡು ಅಂತ ಮನೇಲಿ ಕೂರ್ತಾನೆ. ‘ತೆಗೆದುಹಾಕುವ ನಿರ್ಣಯ’ ಅಂತ ಓದಿದವನು ಪರವೋ ವಿರೋಧವೋ, ಎದ್ದು ಬರ್ತಾನೆ. ಆದ್ದರಿಂದ ಮತಕ್ಕೆ ಹಾಕೋ ನಿರ್ಣಯ ಇಡಿಯಾಗಿ ನೋಟಿಸಿನಲ್ಲೇ ಇರಬೇಕು. ವಿಶೇಷ ಸಭೆಯಲ್ಲಿ ನೋಟಿಸಿನಲ್ಲಿ ಇಲ್ಲದ್ದನ್ನ ತೀರ್ಮಾನಿಸೋ ಹಾಗಿಲ್ಲ ಅಂತ ನಮ್ಮ ಬೈಲಾ ಹೇಳುತ್ತೆ. ಹಾಗಾಗಿ ‘ಇತರೆ ವಿಷಯಗಳು’ ಅನ್ನೋದನ್ನ ಅಳಿಸಿದೆ.

ಬೈಲಾ ಪ್ರಕಾರ ಇಂಥ ಸಭೆ ಕೇಳೋಕೆ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು, ಅಂದ್ರೆ 28. ನಮ್ಮ ಹತ್ರ 31 ಸಹಿ ಇದ್ದವು. ರಿಜಿಸ್ಟರ್ ತೆಗೆದು ನೋಡಿದ್ರೆ ನಾಲ್ವರು ಆ ವರ್ಷದ ಚಂದಾನೇ ಕಟ್ಟಿರಲಿಲ್ಲ. ಬಾಕಿ ಉಳಿಸಿಕೊಂಡವರಿಗೆ ಮತವೂ ಇಲ್ಲ, ಅವರ ಸಹಿಗೆ ಬೆಲೆಯೂ ಇಲ್ಲ. 27ಕ್ಕೆ ಬಂದು ನಿಂತ್ವಿ, ಒಂದು ಕಮ್ಮಿ. ಇನ್ನಿಬ್ಬರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು 29 ಮಾಡಿದ್ವಿ.

ನಿರ್ಣಯವನ್ನ ನಾನು ಹೀಗೆ ಬರೆದೆ: ‘ಐದು ತಿಂಗಳ ಕೋರ್ಟ್ ಬಾಡಿಗೆ ರೂ. 75,000 ಕ್ಲಬ್ಬಿನ ಬ್ಯಾಂಕ್ ಖಾತೆಗೆ ಜಮೆಯಾಗಿಲ್ಲ ಮತ್ತು ಅದರಲ್ಲಿ ರೂ. 27,000ಕ್ಕೆ ವೋಚರ್ ಸಲ್ಲಿಕೆಯಾಗಿಲ್ಲ ಎಂಬ ಆರೋಪದ ಮೇಲೆ ಕಾರ್ಯದರ್ಶಿಯವರನ್ನು ಆ ಸ್ಥಾನದಿಂದ ತೆಗೆದುಹಾಕುವುದು.’ ‘ಆರೋಪ’ ಅನ್ನೋ ಪದ ಯಾಕೆ ಬೇಕು ಅಂತ ಕೆಲವರು ಜಗಳಕ್ಕೇ ಬಂದ್ರು. ತೀರ್ಪು ಕೊಡಬೇಕಾದದ್ದು ಸಭೆ, ನೋಟಿಸೇ ಕೊಟ್ಟುಬಿಟ್ರೆ ಸಭೆ ಯಾಕೆ? ‘ಆ ಸ್ಥಾನದಿಂದ’ ಅನ್ನೋದೂ ಬೇಕಿತ್ತು. ಪದವಿಯಿಂದ ಇಳಿಸೋದು ಬೇರೆ, ಸದಸ್ಯತ್ವ ಕಿತ್ತುಕೊಳ್ಳೋದು ಬೇರೆ. ಎರಡನೆಯದಕ್ಕೆ ಬೈಲಾದಲ್ಲಿ ಪ್ರತ್ಯೇಕ ದಾರಿ ಇದೆ.

ಸರ್ ಉತ್ತರವನ್ನೂ ನೋಟಿಸಿನ ಜೊತೆಗೇ ಕಳಿಸಬೇಕು ಅಂತ ನಾನು ಹಟ ಹಿಡಿದೆ. ಬೈಲಾದಲ್ಲಿ ಹಾಗೇನೂ ಇರಲಿಲ್ಲ. ಆದ್ರೆ ಕಂಪನಿ ಕಾಯ್ದೆಯಲ್ಲಿ ನಿರ್ದೇಶಕರನ್ನ ತೆಗೆಯುವಾಗ, ಅವರು ಬರೆದುಕೊಟ್ಟ ಉತ್ತರವನ್ನ ಸದಸ್ಯರಿಗೆ ಕಳಿಸೋ ಕ್ರಮ ಇದೆ. ಅದನ್ನೇ ತಗೊಂಡ್ವಿ. ಇನ್ನು ಮುಖ್ಯವಾದ ತೊಡಕು ಉಳಿದಿತ್ತು. ನಮ್ಮಲ್ಲಿ ಯಾವ ಸಭೆಯ ನೋಟಿಸಿಗೂ ಸಹಿ ಹಾಕಬೇಕಾದವರು ಕಾರ್ಯದರ್ಶಿ. ಅಂದ್ರೆ ತಮ್ಮನ್ನೇ ತೆಗೆಯೋ ಸಭೆಗೆ ಸರ್ ತಾವೇ ಕರೆ ಕೊಡಬೇಕು. ಬೇಡಿಕೆ ಪತ್ರ ತಲುಪಿ 15 ದಿನದೊಳಗೆ ಅವರು ಕೊಡದಿದ್ರೆ, ಸಹಿ ಹಾಕಿದ ಸದಸ್ಯರೇ ಸಭೆ ಕರೀಬಹುದು. ಕೊಡಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ರು.

ಬುಧವಾರ ರಾತ್ರಿ ಅವರ ಮನೆಗೆ ಹೋದೆ. ಕಾಫಿ ಕೊಟ್ರು. ಕನ್ನಡಕ ಹಾಕ್ಕೊಂಡು ಹಾಳೆಯನ್ನ ಎರಡು ಸಲ ಓದಿದ್ರು. ಆಮೇಲೆ ಕೇಳಿದ್ರು, “ಇದನ್ನ ಯಾವತ್ತು ಕಳಿಸ್ತೀಯಪ್ಪ?”

“ಭಾನುವಾರ ಸರ್, ಜೂನ್ 2. ಸಭೆ ಜೂನ್ 23, ಭಾನುವಾರ. ಸರಿಯಾಗಿ ಮೂರು ವಾರ, 21 ದಿನ.”

“ಬೈಲಾದಲ್ಲಿ ಏನಿದೆ?”

“21 ಪೂರ್ಣ ದಿನ.”

“ಪೂರ್ಣ ದಿನ ಅಂದ್ರೆ ಕಳಿಸಿದ ದಿನವನ್ನೂ ಲೆಕ್ಕಕ್ಕೆ ತಗೊಳಲ್ಲ, ಸಭೆ ದಿನವನ್ನೂ ತಗೊಳಲ್ಲ. ಎಣಿಸು.”

ಬೆರಳಲ್ಲೇ ಎಣಿಸಿದೆ. 3ನೇ ತಾರೀಖಿನಿಂದ 22ರವರೆಗೆ 20 ದಿನ. ಒಂದು ದಿನ ಕಮ್ಮಿ. ದಿನಾ ಆಫೀಸಲ್ಲಿ ಬೇರೆಯವರ ಕೋಡಿನಲ್ಲಿ ಇದೇ ಒಂದರ ತಪ್ಪು ಹಿಡಿಯೋನು ನಾನು! “ಶನಿವಾರವೇ ಕಳಿಸು,” ಅಂದ್ರು. 1ನೇ ತಾರೀಖು ಕಳಿಸಿದ್ರೆ 2ರಿಂದ 22ರವರೆಗೆ 21. ಪೆನ್ ತಗೊಂಡು ದಿನಾಂಕ ತಿದ್ದಿ, ಕೆಳಗೆ ಸಹಿ ಹಾಕಿದ್ರು.

ಗೇಟಿನ ತನಕ ಬಂದಾಗ ತಡೀಲಾರದೆ ಕೇಳೇಬಿಟ್ಟೆ, “ಸುಮ್ನೆ ಇದ್ದಿದ್ರೆ ಆ ಸಭೆಯೇ ಬಿದ್ದುಹೋಗ್ತಿತ್ತಲ್ಲ ಸರ್?”

“ಬಿದ್ದುಹೋಗಿದ್ರೆ ನಾನು ದಿನ ಎಣಿಸಿ ಉಳಕೊಂಡೆ ಅಂತಿದ್ರು. ದುಡ್ಡಿನ ಮಾತು ಹಾಗೇ ಇರ್ತಿತ್ತು,” ಅಂದು ಗೇಟ್ ಹಾಕಿದ್ರು.

ಸಭೆಗೆ 82 ಜನ ಬಂದ್ರು. ಕೋರಂಗೆ 47 ಸಾಕಿತ್ತು. ವಾರ್ಷಿಕ ಸಭೆಗೂ ಅಷ್ಟು ಜನ ಸೇರಿದ್ದನ್ನ ನಾನು ನೋಡಿಲ್ಲ. ಸರ್ ಎದ್ದು ಹತ್ತು ನಿಮಿಷ ಮಾತಾಡಿದ್ರು. ರಿಪೇರಿಯವರಿಗೆ ನಗದು ಕೊಟ್ಟೆ, ಚೀಟಿ ಇಸ್ಕೊಳ್ಳೋದು ಮರೆತೆ ಅಂದ್ರು. ಬ್ಯಾಂಕಿನಲ್ಲಿದ್ದವರಿಗೆ ಚೀಟಿ ಮರೆಯುತ್ತಾ ಅಂತ ಹಿಂದಿನಿಂದ ಯಾರೋ ಕೇಳಿದ್ರು. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಗುಪ್ತ ಮತದಾನವಾಯ್ತು. ನಿರ್ಣಯದ ಪರ 52, ವಿರೋಧ 24, ಖಾಲಿ ಚೀಟಿ 6. ಮೂರನೇ ಎರಡು ಭಾಗ ಬೇಕು, ಆದ್ರೆ ಯಾವುದರ ಎರಡು ಭಾಗ? ಬಂದ 82 ಜನರ ಲೆಕ್ಕ ಹಿಡಿದ್ರೆ 55 ಮತ ಬೇಕು, ನಿರ್ಣಯ ಬಿತ್ತು. ಬೈಲಾದಲ್ಲಿದ್ದದ್ದು ‘ಹಾಜರಿದ್ದು ಮತ ಚಲಾಯಿಸಿದವರ’ ಅಂತ. ಖಾಲಿ ಚೀಟಿ ಹಾಕಿದವರನ್ನ ಬಿಟ್ರೆ 76, ಅದಕ್ಕೆ 51 ಸಾಕು. ಅಧ್ಯಕ್ಷರು ಆ ಸಾಲನ್ನ ಜೋರಾಗಿ ಓದಿ ನಿರ್ಣಯ ಪಾಸಾಗಿದೆ ಅಂದ್ರು. ಒಂದೇ ಮತ ಹೆಚ್ಚಿತ್ತು. ಆ 52ರಲ್ಲಿ ನನ್ನದೂ ಒಂದು.

ಆ 27 ಸಾವಿರ ಎಲ್ಲಿ ಹೋಯ್ತು ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ. ಸರ್ ಕ್ಲಬ್ಬಿಗೆ ಬರೋದು ನಿಲ್ಲಿಸಲಿಲ್ಲ, ಸದಸ್ಯತ್ವ ಇದೆಯಲ್ಲ. ಬೆಳಗ್ಗೆ ಆರಕ್ಕೆ ಬರ್ತಾರೆ, ಎರಡು ಗೇಮ್ ಆಡಿ ಹೋಗ್ತಾರೆ. ಈಗ ನೋಟಿಸುಗಳಿಗೆ ಸಹಿ ಹಾಕೋ ಹೊಸ ಕಾರ್ಯದರ್ಶಿ ನನಗಿಂತ ಚಿಕ್ಕವನು. ಮೊನ್ನೆ ವಾರ್ಷಿಕ ಸಭೆಯ ಕರಡು ತಂದು ತೋರಿಸಿದ. ಭಾನುವಾರ ಕಳಿಸಿ ಭಾನುವಾರ ಸಭೆ, ಮೂರು ವಾರ. ಪಕ್ಕದ ಬೆಂಚಿನಲ್ಲಿ ಶೂ ಲೇಸ್ ಕಟ್ಟಿಕೊಳ್ತಿದ್ದ ಸರ್ ತಲೆ ಎತ್ತಿ ನನ್ನನ್ನೇ ನೋಡಿದ್ರು.

“ಎಣಿಸು,” ಅಂದೆ ಅವನಿಗೆ.