ಮಳೆಗೆ ಒಂದೇ ಚಿತ್ರ ಸಾಲದು

ಜುಲೈ ತಿಂಗಳಲ್ಲಿ ನಮ್ಮ ಸಾಗರದ ಕಡೆಯ ಶಿಶುವಿಹಾರಕ್ಕೆ ಬಂದು ಗೋಡೆಯ ಮೇಲಿನ ಹವಾಮಾನದ ಪಟ ನೋಡಿ. ಅಂಗಡಿಯಿಂದ ತಂದ ಪಟವಾದರೆ ಅದರಲ್ಲಿ ನಾಲ್ಕು ಚಿತ್ರಗಳಿರುತ್ತವೆ: ನಗುವ ಸೂರ್ಯ, ಬಿಳಿ ಮೋಡ, ಕೊಡೆಯ ಮೇಲೆ ಬೀಳುವ ಮಳೆ, ಬಾಗಿದ ಮರ. ನಡುವೆ ರಟ್ಟಿನ ಮುಳ್ಳು. ಜೂನ್ ಎರಡನೇ ವಾರದಲ್ಲಿ ಮಳೆಯ ಕಡೆ ತಿರುಗಿದ ಮುಳ್ಳು ಆಗಸ್ಟ್ ಬಂದರೂ ಅಲ್ಲೇ ಇರುತ್ತದೆ. ಹೊರಗೆ ಆಕಾಶ ಗಳಿಗೆಗೊಂದು ಬಣ್ಣ ತಳೆಯುತ್ತಿದ್ದರೂ ಪಟದ ಮಟ್ಟಿಗೆ ಏನೂ ನಡೆದಿಲ್ಲ. “ಇವತ್ತು ಹವಾಮಾನ ಹೇಗಿದೆ?” ಎಂದರೆ ಇಡೀ ತರಗತಿ “ಮಳೆ” ಎನ್ನುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಬೆಳಗಿನ ಈ ಹೊತ್ತು ನನಗೆ ದಿನದಲ್ಲೇ ಅತ್ಯಂತ ಪ್ರಿಯವಾದದ್ದು. ನಾಲ್ಕೈದು ವರ್ಷದ ಮಗು ತಾನು ಕಂಡದ್ದನ್ನು ಇಡೀ ವಾಕ್ಯದಲ್ಲಿ ಇನ್ನೊಬ್ಬರಿಗೆ ಹೇಳಲು ಕಲಿಯುವುದು ಇಂಥ ಹೊತ್ತಿನಲ್ಲೇ. ಅಂಥ ಮಾತು ಹುಟ್ಟಬೇಕಾದರೆ ಕೇಳುವ ನನಗೆ ಗೊತ್ತಿಲ್ಲದ ಸಂಗತಿಯೊಂದು ಮಗುವಿನ ಬಳಿ ಇರಬೇಕು. ಮಳೆ ಬರುತ್ತಿದೆ ಎಂಬುದು ನನಗೂ ಗೊತ್ತು, ಗೊತ್ತಿದೆ ಎಂಬುದು ಮಕ್ಕಳಿಗೂ ಗೊತ್ತು. ಮತ್ತೆ ಅವರು ಯಾಕೆ ವಿವರಿಸಬೇಕು?

ಹಾಗಾಗಿ ನಮ್ಮಲ್ಲಿ ಮಾತು ಬಾಗಿಲಲ್ಲೇ ಶುರುವಾಗುತ್ತದೆ. ಎಲ್ಲರೂ ಎದ್ದು ನಿಂತು ರಾಗವಾಗಿ ನಮಸ್ತೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಜಗಲಿಯ ತುದಿಯಲ್ಲಿ ಮೊಣಕಾಲೂರಿ ಕೂರುತ್ತೇನೆ. ನನ್ನ ಮುಖ ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ಕೆಲವರು ಕೈಮುಗಿಯುತ್ತಾರೆ, ಕೆಲವರು ಕೈಕುಲುಕುತ್ತಾರೆ, ಒಬ್ಬ ಹುಡುಗ ಬರಿಯ ಕಿರುಬೆರಳು ಚಾಚುತ್ತಾನೆ. ಹೆಸರು ಹಿಡಿದು ಕರೆದ ಮೇಲೆ ನಾನು ಪ್ರಶ್ನೆ ಕೇಳುವುದಿಲ್ಲ. ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳಿ ಸುಮ್ಮನಾಗುತ್ತೇನೆ.

“ನಿನ್ನ ಕೊಡೆಯ ಕಡ್ಡಿ ಹೊರಗೆ ಬಂದಿದೆಯಲ್ಲ.”

ಕೆಂಪು ಕೊಡೆಯ ಹುಡುಗಿ ಸ್ವಲ್ಪ ಹೊತ್ತು ಕೊಡೆಯನ್ನೇ ನೋಡಿದಳು. ಆಮೇಲೆ, “ಗಾಳಿ ಬಂತು ಅಕ್ಕೋರೇ. ಸೇತುವೆ ಹತ್ರ ಕೊಡೆ ಉಲ್ಟಾ ಆಯ್ತು. ಅಪ್ಪ ಹಿಡ್ಕೊಂಡ್ರು” ಎಂದಳು. ಮೂರು ವಾಕ್ಯ! ಗಾಳಿ ಬಂತಾ ಎಂದು ನಾನೇ ಕೇಳಿದ್ದರೆ ಸಿಗುತ್ತಿದ್ದುದು ಒಂದು “ಹೂಂ” ಮಾತ್ರ.

ಸುಮ್ಮನಾಗುವ ಆ ಸ್ವಲ್ಪ ಹೊತ್ತಿನ ಬಗ್ಗೆ ಒಂದು ಮಾತು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಾಥಮಿಕ ತರಗತಿಗಳ ಮಾತುಕತೆಯ ಧ್ವನಿಮುದ್ರಣಗಳನ್ನು ಕೇಳಿ ಒಂದು ಸಂಗತಿ ಗುರುತಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸದಾ ಮೌನವಾಗಿರುತ್ತಿದ್ದವರೂ ಬಾಯಿ ಬಿಟ್ಟರು. ಮನೆಯಲ್ಲಿ ಉರ್ದುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೆ ನಾನು ಇನ್ನೂ ಹೆಚ್ಚು ಹೊತ್ತು ಕೊಡುತ್ತೇನೆ. ಅದು “ಬಾರಿಶ್” ಎಂದರೂ ಆಯಿತು. “ಹೌದು, ಬಾರಿಶ್ ಜೋರಾಗಿದೆ, ನಿನ್ನ ಚೀಲವೆಲ್ಲ ಒದ್ದೆ” ಎಂದು ಅದರ ಪದವನ್ನೇ ಹಿಡಿದು ನಾನು ಮುಂದೆ ಹೇಳುತ್ತೇನೆ. ಮರುದಿನವೋ ಮರುವಾರವೋ ಆ ಒದ್ದೆ ಚೀಲ ಮಗುವಿನ ಬಾಯಲ್ಲಿ ಬರುತ್ತದೆ.

ಎಲ್ಲರೂ ಬಂದ ಮೇಲೆ ಜಗಲಿಯಲ್ಲಿ ನಿಂತು ಹೊರಗೆ ನೋಡುತ್ತೇವೆ. ಪಟದ ಸರದಿ ಆಮೇಲೆ. ಪಟವನ್ನು ಮೊದಲು ತೋರಿಸಿದರೆ ಮಕ್ಕಳು ಆಕಾಶ ಬಿಟ್ಟು ಪಟವನ್ನೇ ನೋಡುತ್ತಾರೆ. ಮಳೆಗೆ ಇದ್ದ ಒಂದೇ ಚಿತ್ರದ ಜಾಗದಲ್ಲಿ ಈಗ ಮಕ್ಕಳೇ ಬರೆದ ಚಿತ್ರಗಳಿವೆ: ಜಿರಿಜಿರಿ ಮಳೆ, ಜಡಿಮಳೆ, ಗಾಳಿಮಳೆ, ಮತ್ತೆ ಮಳೆ ನಿಂತು ಬೆಳಕಾಗುವ ಹೊಳವು. ಆ ಬೆಳಗ್ಗೆ ಕೆಂಪು ಕೊಡೆಯವಳು ಮುಳ್ಳನ್ನು ಗಾಳಿಮಳೆಗೆ ತಿರುಗಿಸಲು ಎದ್ದಳು. ಗುಡ್ಡದ ಮೇಲಿನ ಕೇರಿಯಿಂದ ಬರುವ ಹುಡುಗ, “ಇಲ್ಲ, ನಮ್ಮನೆ ಹತ್ರ ಮಳೇನೇ ಇರ್ಲಿಲ್ಲ, ಮಂಜು” ಎಂದ. “ಮಂಜು ಇತ್ತು ಅಂತ ಹೇಗೆ ಗೊತ್ತಾಯ್ತು?” ಎಂದೆ. ಅವನು ಯೋಚಿಸಿದ. “ದನದ ಗಂಟೆ ಕೇಳಿಸ್ತಿತ್ತು, ದನ ಕಾಣ್ತಿರ್ಲಿಲ್ಲ.”

ತರಗತಿಯೇ ಅವನ ಕಡೆ ತಿರುಗಿತು. ಯಾವ ದನ, ಗಂಟೆ ಹೇಗೆ ಕೇಳಿಸಿತು, ಹೆದರಿಕೆ ಆಯಿತಾ ಎಂದು ಮಕ್ಕಳೇ ಕೇಳತೊಡಗಿದರು. ನಾನು ಒಂದು ಮಾತೂ ಸೇರಿಸಲಿಲ್ಲ. ಕೊನೆಗೆ ಇನ್ನೊಂದು ಮುಳ್ಳು ಬೇಕೆಂದು ಅವರೇ ತೀರ್ಮಾನಿಸಿದರು. ಇಂದಿಗೂ ನಮ್ಮ ಪಟಕ್ಕೆ ಎರಡು ಮುಳ್ಳು, ಶಾಲೆಯದೊಂದು, ಗುಡ್ಡದ್ದೊಂದು.

ಕ್ಯಾಲೆಂಡರಿನ ಕತೆ ಬೇರೆ. ಚೌಕಗಳ ತಿಂಗಳ ಹಾಳೆ ಈ ವಯಸ್ಸಿಗೆ ಕಷ್ಟ. ಶನಿವಾರ ಸಾಲಿನ ಕೊನೆಗೆ ಬಂದ ಮೇಲೆ ಭಾನುವಾರ ಕೆಳಗಿನ ಸಾಲಿನ ಎಡತುದಿಗೆ ಯಾಕೆ ಹಾರಿತು ಎಂಬುದು ಅವರಿಗೆ ಹೊಳೆಯುವುದಿಲ್ಲ. ಕಳೆದುಹೋದ ದಿನಗಳೆಲ್ಲ ಅವರಿಗೆ “ನಿನ್ನೆ”ಯೇ. ಅಜ್ಜಿಮನೆಗೆ ಬೇಸಿಗೆಯಲ್ಲಿ ಹೋದದ್ದೂ ನಿನ್ನೆ. ವಾರ, ತಾರೀಖು, ತಿಂಗಳು, ಇಸವಿಗಳನ್ನು ದಿನಾ ಹೇಳಿಸಿದರೆ ಮಕ್ಕಳು ಹೇಳುತ್ತಾರೆ ನಿಜ. ಆದರೆ ನಾಡಿದ್ದು ಯಾವ ವಾರ ಎಂದು ಕೇಳಿ ನೋಡಿ, ಅದೇ ರಾಗದಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಕಂಠಪಾಠವಾಗಿದೆ, ತಿಳಿದಿಲ್ಲ ಎಂಬುದಕ್ಕೆ ಅದೇ ಗುರುತು.

ನಮ್ಮಲ್ಲಿರುವುದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಹರಿದ ಹಾಳೆಯನ್ನು ಎಸೆಯದೆ ಗೋಡೆಯುದ್ದಕ್ಕೆ ಒಂದರ ಪಕ್ಕ ಒಂದರಂತೆ ಎಡದಿಂದ ಬಲಕ್ಕೆ ಅಂಟಿಸುತ್ತೇವೆ. ಪ್ರತಿ ಹಾಳೆಯ ಮೇಲೆ ಆ ದಿನ ನಡೆದದ್ದರ ಪುಟ್ಟ ಚಿತ್ರ: ಗಂಟೆ ಕಟ್ಟಿದ ದನ, ಉಲ್ಟಾ ಕೊಡೆ. ನಿನ್ನೆ ಒಂದು ಹೆಜ್ಜೆ ಹಿಂದೆ, ಮೊನ್ನೆ ಎರಡು ಹೆಜ್ಜೆ. ಮಗು ಗೋಡೆಗುಂಟ ನಡೆದು ಹೋಗಿ “ಇಲ್ಲಿ ದನ ಕಾಣ್ಲಿಲ್ಲ” ಎಂದು ಬೆರಳಿಡುತ್ತದೆ. ಮಕ್ಕಳು ಹೀಗೆ ಓಡಾಡುತ್ತಿರುವಾಗಲೇ ಒಬ್ಬಳು, ಇದು ಪುನರ್ವಸು ಮಳೆ ಎಂದು ಅಜ್ಜ ಹೇಳಿದ್ದನ್ನು ತಂದು ಹೇಳಿದಳು. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಅಷ್ಟು ಹಾಳೆಗಳ ಕೆಳಗೆ ಹಸಿರು ದಾರ ಕಟ್ಟಿದೆವು, ಪುಷ್ಯ ಬಂದಾಗ ದಾರದ ಬಣ್ಣ ಬದಲಾಯಿತು. ಆ ವಾರ ಮನೆಮನೆಯ ಅಜ್ಜ ಅಜ್ಜಿಯರಿಗೆಲ್ಲ ಪ್ರಶ್ನೆಗಳ ಸುರಿಮಳೆ.

ಇಷ್ಟಕ್ಕೂ ಹದಿನೈದು ನಿಮಿಷ ಮೀರಬಾರದು. ಇಪ್ಪತ್ತೈದು ಮಕ್ಕಳೂ ದಿನಾ ಮಾತಾಡಲಿ ಎಂದು ಹೊರಟರೆ ಹತ್ತನೆಯವರ ಹೊತ್ತಿಗೆ ಹಿಂದಿನ ಸಾಲಿನವರು ಚಾಪೆಯ ಕಡ್ಡಿ ಕೀಳತೊಡಗುತ್ತಾರೆ. ದಿನಕ್ಕೆ ನಾಲ್ಕೈದು ಮಕ್ಕಳು ಮನಸಾರೆ ಮಾತಾಡಿದರೆ ವಾರದಲ್ಲಿ ಎಲ್ಲರ ಸರದಿಯೂ ಬರುತ್ತದೆ. ಯಾರ ಸರದಿ ಎಂದು ಬಾಗಿಲಲ್ಲೇ ನನಗೆ ಗೊತ್ತಾಗಿರುತ್ತದೆ. ಅಲ್ಲಿ ಶುರುವಾದ ಮಾತು ಒಳಗೆ ಬಂದು ಮುಂದುವರಿಯಬೇಕಷ್ಟೆ.

ಶಾಲೆಗೆ ಪಟ ಕೊಡಿಸುವ ದಾನಿಗಳಲ್ಲಿ, ಗೋಡೆಗೆ ಬಣ್ಣದಲ್ಲಿ ಬರೆಸುವ ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ. ಮಳೆಯ ಜಾಗವನ್ನು ಖಾಲಿ ಬಿಡಿ. ಅಲ್ಲಿ ಏನು ಬರೆಯಬೇಕೆಂದು ನಮ್ಮ ಮಕ್ಕಳು ಹೇಳುತ್ತಾರೆ.