ಮೊದಲ ಪದದ ತೂಕ

ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಉದ್ದದ ಪ್ರಾಂಪ್ಟ್ ಬರೆದು, ಕೊನೆಗೆ `watercolor` ಸೇರಿಸಿದರೂ ಚಿತ್ರ ಫೋಟೋದ ಹಾಗೇ ಬಂತು ಎಂದು ಬೇಸರಪಡುವವರು ಬಹಳ. ಅಲ್ಲಿ ಮೊದಲು ನೋಡಬೇಕಾದದ್ದು ಆ ಪದ ಕೂತ ಜಾಗವನ್ನು.

ಪ್ರಾಂಪ್ಟ್ ಓದುವ ಕ್ಲಿಪ್ ಎಂಬ ಭಾಗದಲ್ಲಿ ಪ್ರತಿ ಪದವೂ ತನಗಿಂತ ಮೊದಲು ಬಂದ ಪದಗಳನ್ನಷ್ಟೇ ನೋಡಬಲ್ಲದು. ಹಾಗಾಗಿ ಮೊದಲ ಪದದ ಪ್ರಭಾವ ಉಳಿದೆಲ್ಲ ಪದಗಳ ಅರ್ಥದೊಳಗೂ ಇಳಿಯುತ್ತದೆ. ಕೊನೆಯ ಪದಕ್ಕೆ ಆ ಅವಕಾಶವಿಲ್ಲ.

```
watercolor, village pond, buffaloes, rain
```

ಹೀಗೆ ಬರೆದರೆ ಕೆರೆ, ಎಮ್ಮೆ, ಮಳೆ ಮೂರೂ ಜಲವರ್ಣದ ಪ್ರಭಾವಕ್ಕೆ ಒಳಗಾಗುತ್ತವೆ. ಪ್ರಾಂಪ್ಟ್ ಉದ್ದವಾದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಉದ್ದಕ್ಕೂ ಮಿತಿಯಿದೆ. ಕ್ಲಿಪ್ ಒಮ್ಮೆಗೆ ಓದುವುದು 75 ಟೋಕನ್ ಮಾತ್ರ. ಅಲ್ಪವಿರಾಮವೂ ಒಂದು ಟೋಕನ್. ಕೆಲವು ಆ್ಯಪ್‌ಗಳು ಹೆಚ್ಚಿನದನ್ನು ತುಂಡು ಮಾಡಿ ಓದಿಸುತ್ತವೆ, ಉಳಿದವು ಕತ್ತರಿಸಿಬಿಡುತ್ತವೆ. ಪರೀಕ್ಷೆ ಸುಲಭ: ಸೀಡ್ ಬದಲಿಸದೆ ಕೊನೆಯ ಪದಗಳನ್ನು ಅಳಿಸಿ. ಚಿತ್ರ ಚೂರೂ ಬದಲಾಗದಿದ್ದರೆ ಅವನ್ನು ಓದಿಯೇ ಇರಲಿಲ್ಲ.

ಟಿ5 ಬಳಸುವ ಹೊಸ ಮಾದರಿಗಳು ಪದಗಳನ್ನು ಎರಡೂ ಕಡೆಯಿಂದ ನೋಡುತ್ತವೆ; ಅಲ್ಲಿ ಕ್ರಮದ ಹಿಡಿತ ಸಡಿಲ. ಕ್ಲಿಪ್ ಒಂದೇ ಇದ್ದಲ್ಲಿ ಮಾತ್ರ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡಿ.