ಮೇಷ್ಟ್ರನ್ನು ತೆಗೆದ ದಿನ

ಶೆಟ್ಟಿಹಳ್ಳಿಯ ನಮ್ಮ ಓದುಗರ ಬಳಗಕ್ಕೆ ನಾನು ಬರೆದ ಮೊದಲ ನಿಯಮ: ‘ಅಕ್ರಮ ಪುಸ್ತಕ ಹಂಚಬಾರದು.’ ತಿಂಗಳೊಳಗೆ ನಿವೃತ್ತ ಮೇಷ್ಟ್ರೊಬ್ಬರು ‘ಕರ್ವಾಲೊ’ದ ಪಿಡಿಎಫ್ ಹಾಕಿದರು. ಫೋನ್ ಮಾಡಿದರೆ, “ಹಳೇ ಪುಸ್ತಕ ಅಲ್ವೇನಪ್ಪಾ, ಹುಡುಗ್ರು ಓದ್ಲಿ ಬಿಡು” ಎಂದರು. ತಪ್ಪು ನನ್ನ ವಾಕ್ಯದ್ದೇ. ಯಾವುದು ಅಕ್ರಮ ಎಂದು ಅದು ಹೇಳಿರಲಿಲ್ಲ.

ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕೈಲಾಸಂ ಹೋದದ್ದು 1946ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ನಾಟಕ ಹಂಚಬಹುದು. ತೇಜಸ್ವಿ ಹೋದದ್ದು 2007ರಲ್ಲಿ. 2067 ಮುಗಿಯುವವರೆಗೆ ಹಂಚುವಂತಿಲ್ಲ. ಪುಸ್ತಕದ ವಯಸ್ಸು ಲೆಕ್ಕಕ್ಕಿಲ್ಲ.

ಇದನ್ನೇ ನಿಯಮದಲ್ಲಿ ಬರೆದೆವು. ಮೊದಲ ಸಲ ಪ್ರತಿ ಅಳಿಸಿ, ಅವರಿಗೊಬ್ಬರಿಗೇ ಕಾರಣ ತಿಳಿಸುವುದು. ಎರಡನೇ ಸಲ ದಿನಾಂಕ ಹಾಕಿ ಲಿಖಿತ ಎಚ್ಚರಿಕೆ. ಆರು ತಿಂಗಳೊಳಗೆ ಮೂರನೇ ಸಲವಾದರೆ ಇಬ್ಬರು ಅಡ್ಮಿನ್‌ಗಳು ಒಪ್ಪಿ ತೆಗೆಯುವುದು. ಮೂರು ತಿಂಗಳ ನಂತರ ಕೇಳಿದರೆ ಮತ್ತೆ ಸೇರಿಸುವುದು. ಹಿಂದಿನದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೆ ಮೇಷ್ಟ್ರು ಮೂರು ಸಲ ಹಾಕಿದರು. ತೆಗೆದೆವು. ಬಳಗಕ್ಕೆ ಅರ್ಧ ಜನರನ್ನು ಕರೆತಂದವರೇ ಅವರು. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರದ ಓದಿಗೆ ಬರಬೇಡಿ ಎಂದು ನಿಯಮ ಹೇಳಿರಲಿಲ್ಲ. ಅವರು ಬಂದರು. ಮುಗಿದ ಮೇಲೆ ಪಕ್ಕಕ್ಕೆ ಕರೆದು, “ನಿನ್ನ ಸ್ನೇಹಿತನೂ ಹೋದ ವಾರ ಒಂದು ಕಾದಂಬರಿ ಹಾಕಿದ್ದನಲ್ಲ, ಅವನಿಗೆ ಹೇಳಿದ್ಯಾ?” ಎಂದು ಕೇಳಿದರು.

ಹೇಳಿರಲಿಲ್ಲ. ನೋಡಿಯೂ ಸುಮ್ಮನಿದ್ದೆ. ಮನೆಗೆ ಹೋಗುವ ಮೊದಲೇ, ಅಲ್ಲೇ ನಿಂತು, ಆ ಪ್ರತಿ ಅಳಿಸಿ ಅವನಿಗೆ ಸಂದೇಶ ಕಳಿಸಿದೆ.